ವಾಲ್ಯೂಮ್ ದಿಢೀರ್ ಏರಿದಾಗ ಆಲ್ಗೊ ಏನು ಮಾಡಬೇಕು?

2010ರ ಮೇ 6, ನ್ಯೂಯಾರ್ಕಿನಲ್ಲಿ ಮಧ್ಯಾಹ್ನ 2 ಗಂಟೆ 32 ನಿಮಿಷ. ದೊಡ್ಡದೊಂದು ಮ್ಯೂಚುವಲ್ ಫಂಡ್ ಸಂಸ್ಥೆ 75,000 ಇ-ಮಿನಿ ಫ್ಯೂಚರ್ಸ್ ಕಾಂಟ್ರಾಕ್ಟುಗಳನ್ನು ಮಾರುವ ಕೆಲಸವನ್ನು ಕಂಪ್ಯೂಟರ್ ಪ್ರೋಗ್ರಾಂ ಒಂದಕ್ಕೆ ಒಪ್ಪಿಸಿತು. ಅವುಗಳ ಮೌಲ್ಯ ಸುಮಾರು 410 ಕೋಟಿ ಡಾಲರ್. ಪ್ರೋಗ್ರಾಮಿಗೆ ಕೊಟ್ಟ ಸೂಚನೆ ಇಷ್ಟೇ: ಹಿಂದಿನ ಒಂದು ನಿಮಿಷದಲ್ಲಿ ಪೇಟೆಯಲ್ಲಿ ಎಷ್ಟು ವಹಿವಾಟು ನಡೆಯಿತೋ ಅದರ ಶೇ 9ರ ಲೆಕ್ಕದಲ್ಲಿ ಮಾರುತ್ತಾ ಹೋಗು. ಬೆಲೆಯನ್ನೂ ನೋಡಬೇಡ, ಗಡಿಯಾರವನ್ನೂ ನೋಡಬೇಡ.

ಪೇಟೆ ಅಂದು ಮೊದಲೇ ಅಳುಕಿತ್ತು. ಪ್ರೋಗ್ರಾಂ ಮಾರಿದ್ದನ್ನು ಕೊಂಡ ಅತಿವೇಗದ ವ್ಯಾಪಾರಿಗಳು ಅದನ್ನು ಇಟ್ಟುಕೊಳ್ಳಲು ಒಲ್ಲದೆ ಪರಸ್ಪರ ದಾಟಿಸತೊಡಗಿದರು. 2:45ರ ಹೊತ್ತಿಗೆ ಕೇವಲ 14 ಸೆಕೆಂಡುಗಳಲ್ಲಿ ಅವರ ನಡುವೆ 27,000ಕ್ಕೂ ಹೆಚ್ಚು ಕಾಂಟ್ರಾಕ್ಟುಗಳು ಕೈಬದಲಾಯಿಸಿದವು. ಆದರೆ ಎಲ್ಲ ಸೇರಿ ಅವರು ನಿಜವಾಗಿ ಹೆಚ್ಚುವರಿಯಾಗಿ ಕೊಂಡದ್ದು ಸುಮಾರು 200 ಮಾತ್ರ. ಅದೇ ಸರಕು ಸುತ್ತಿ ಸುತ್ತಿ ಲೆಕ್ಕಕ್ಕೆ ಬರುತ್ತಿತ್ತು. ಪ್ರೋಗ್ರಾಮಿನ ಕಣ್ಣಿಗೆ ಅದು ಕೊಳ್ಳುವವರ ದಂಡಿನಂತೆ ಕಂಡಿತು. ವಾಲ್ಯೂಮ್ ಏರಿದಂತೆಲ್ಲ ಅದು ಇನ್ನಷ್ಟು ಬೇಗ ಮಾರಿತು. ಅದೇ ಸಂಸ್ಥೆ ಈ ಮೊದಲು ಇಷ್ಟೇ ಗಾತ್ರದ ಮಾರಾಟ ಮಾಡಿದ್ದಾಗ ಬೆಲೆ, ಸಮಯ, ವಾಲ್ಯೂಮ್ ಮೂರನ್ನೂ ಗಮನಿಸಿದ್ದರಿಂದ ಐದು ಗಂಟೆಗೂ ಮಿಕ್ಕಿ ಹಿಡಿದಿತ್ತು. ಈ ಬಾರಿ ಎಲ್ಲವೂ 20 ನಿಮಿಷಗಳಲ್ಲಿ ಮುಗಿಯಿತು. 'ಫ್ಲ್ಯಾಶ್ ಕ್ರ್ಯಾಶ್' ಎಂದು ಹೆಸರಾದ ಆ ಕುಸಿತದ ನಡುವೆ ಷಿಕಾಗೊದ ವಿನಿಮಯ ಕೇಂದ್ರದ ವ್ಯವಸ್ಥೆ ವಹಿವಾಟನ್ನು ಐದು ಸೆಕೆಂಡು ತಡೆದು ನಿಲ್ಲಿಸಿತು. ಅಷ್ಟಕ್ಕೇ ಬೆಲೆ ಚೇತರಿಸಿಕೊಳ್ಳತೊಡಗಿತು.

ನಮ್ಮ ಎನ್‌ಎಸ್‌ಇಯಲ್ಲೂ ದೊಡ್ಡ ಆರ್ಡರುಗಳನ್ನು ಇಂಥ ಆಲ್ಗೊಗಳೇ ಚೂರು ಚೂರು ಮಾಡಿ ಪೇಟೆಗೆ ಬಿಡುತ್ತವೆ. ಹಾಗಾಗಿ ವಾಲ್ಯೂಮ್ ಇದ್ದಕ್ಕಿದ್ದಂತೆ ಉಕ್ಕಿದಾಗ ಅವು ಏನೆಂದು ತಿಳಿಯಬೇಕು, ಏನು ಮಾಡಬೇಕು ಎಂಬುದನ್ನು ಮೊದಲೇ ಬರೆದಿಟ್ಟಿರಬೇಕಾಗುತ್ತದೆ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. 500 ರೂಪಾಯಿಯ ಒಂದು ಷೇರು. ಗಿರಾಕಿಯ ಪರವಾಗಿ ಆಲ್ಗೊ ಎರಡು ಲಕ್ಷ ಷೇರು ಮಾರಬೇಕಿದೆ. ಪೇಟೆಯ ವಾಲ್ಯೂಮಿನ ಶೇ 10ರಷ್ಟು ಮಾರುತ್ತಾ ಹೋಗುವುದು ಅದಕ್ಕಿರುವ ನಿಯಮ. ಬೆಳಿಗ್ಗೆ 11:40ರಿಂದ 11:45ರೊಳಗೆ 1,50,000 ಷೇರುಗಳ ವಹಿವಾಟು ನಡೆದುಬಿಟ್ಟಿತು. ಇದು ಹೆಚ್ಚೇ? ಹೇಳಬೇಕಾದರೆ ಅದೇ ಹೊತ್ತಿನ ಹಳೆಯ ಲೆಕ್ಕ ಬೇಕು. ಪೇಟೆ ತೆರೆದ 9:15ರ ಸುಮಾರಿಗೂ ಮುಚ್ಚುವ 3:30ರ ಆಸುಪಾಸಿಗೂ ವಹಿವಾಟು ದಟ್ಟ, ನಡುಹಗಲು ತೆಳು. ದಿನದ ಸರಾಸರಿಗೆ ಹೋಲಿಸಿದರೆ ಪ್ರತಿ ಬೆಳಿಗ್ಗೆಯೂ ಸುಳ್ಳು ಗಂಟೆ ಬಾರಿಸುತ್ತದೆ, ಮಧ್ಯಾಹ್ನದ ನಿಜವಾದ ಏರಿಕೆ ಕಣ್ತಪ್ಪುತ್ತದೆ.

ಹಾಗಾಗಿ ಹಿಂದಿನ 20 ವಹಿವಾಟಿನ ದಿನಗಳ 11:40ರ ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ ನಡುವಿನದನ್ನು ಹಿಡಿಯುತ್ತಾರೆ. ಅದು 20,000 ಎಂದಿರಲಿ. ಸರಾಸರಿಗಿಂತ ಈ ಮಧ್ಯಾಂಕವೇ ಮೇಲು. ಯಾವುದೋ ಒಂದು ದಿನ ಆರು ಲಕ್ಷದ ವಹಿವಾಟು ಆಗಿದ್ದರೆ ಸರಾಸರಿ ಒಮ್ಮೆಗೇ 50,000ದ ಹತ್ತಿರಕ್ಕೆ ಜಿಗಿಯುತ್ತದೆ, ಮಧ್ಯಾಂಕ ಅಷ್ಟಾಗಿ ಅಲುಗುವುದಿಲ್ಲ. ಇವತ್ತಿನದು ಮಾಮೂಲಿನ ಏಳೂವರೆ ಪಟ್ಟು. ನಿಯಮವನ್ನು ಅಕ್ಷರಶಃ ಪಾಲಿಸುವ ಆಲ್ಗೊ 2,000ದ ಬದಲು 15,000 ಷೇರುಗಳನ್ನು ಮಾರಲು ಹೊರಡುತ್ತದೆ. ಇಲ್ಲೇ ಅದನ್ನು ತಡೆಯಬೇಕು.

ತಡೆದು ನೋಡಬೇಕಾದ ಮೊದಲ ವಿಷಯ ವಹಿವಾಟುಗಳ ಸಂಖ್ಯೆ. ಆ ಹೊತ್ತಿನಲ್ಲಿ ಸಾಮಾನ್ಯವಾಗಿ 400 ಸಣ್ಣ ವಹಿವಾಟುಗಳು ನಡೆಯುತ್ತವೆ ಎನ್ನಿ. ಇವತ್ತೂ ಸಂಖ್ಯೆ ಅಷ್ಟೇ ಇದ್ದು, ಅವುಗಳಲ್ಲಿ ಒಂದೇ 1,20,000ದ್ದಾಗಿದ್ದು, ಬೆಲೆ 500ರಲ್ಲೇ ನಿಂತಿದ್ದರೆ ಇಬ್ಬರು ದೊಡ್ಡವರು ತಮ್ಮೊಳಗೇ ಕೊಟ್ಟು ತೆಗೆದುಕೊಂಡಿರಬಹುದು. ಅದರಲ್ಲಿ ನಮಗೆ ಪಾಲಿಲ್ಲ. ಅದನ್ನು ಕಳೆದರೆ ಉಳಿಯುವುದು 30,000. ಆಲ್ಗೊ ಅದರ ಶೇ 10ರಂತೆ ಮುಂದುವರಿಯಲಿ. ಬದಲಿಗೆ ವಹಿವಾಟುಗಳು 3,000ಕ್ಕೆ ಏರಿ, ಪ್ರತಿಯೊಂದೂ ಎಂದಿನಂತೆ 50 ಷೇರಿನ ಆಸುಪಾಸು ಇದ್ದರೆ ಬಹಳ ಜನ ಒಟ್ಟಿಗೆ ಎದ್ದಿದ್ದಾರೆ ಎಂದರ್ಥ.

ಅವರನ್ನು ಎಬ್ಬಿಸಿದ್ದು ಈ ಕಂಪನಿಯ ಸುದ್ದಿಯೇ? ಅದಕ್ಕೆ ನೆರೆಹೊರೆ ನೋಡಬೇಕು. ರಿಸರ್ವ್ ಬ್ಯಾಂಕ್ ಬಡ್ಡಿದರ ಪ್ರಕಟಿಸಿದ ಗಳಿಗೆಯಲ್ಲಿ ಬ್ಯಾಂಕ್ ಷೇರುಗಳೆಲ್ಲ ಒಟ್ಟಿಗೇ ಉಕ್ಕುತ್ತವೆ. ಸುತ್ತಲಿನವು ತಣ್ಣಗಿದ್ದು ಇದೊಂದೇ ಕುದಿಯುತ್ತಿದ್ದರೆ, ಜೊತೆಗೆ ಐದು ನಿಮಿಷಕ್ಕೆ ಶೇ 0.2 ಅಲುಗುವ ಬೆಲೆ ಶೇ 1.4 ಇಳಿದು 493ಕ್ಕೆ ಬಂದಿದ್ದರೆ, ಯಾರಿಗೋ ಏನೋ ಗೊತ್ತಾಗಿದೆ ಎಂದು ಅನುಮಾನಿಸಲು ಕಾರಣವಿದೆ. ಸುದ್ದಿ ಇನ್ನೂ ಪರದೆಗೆ ಬಂದಿರಬೇಕೆಂದೇನಿಲ್ಲ. ವಹಿವಾಟಿನ ವೇಳೆಯಲ್ಲೇ ನಿರ್ದೇಶಕ ಮಂಡಳಿಯ ಸಭೆ ಮುಗಿದರೆ ಫಲಿತಾಂಶವನ್ನು 30 ನಿಮಿಷದೊಳಗೆ ವಿನಿಮಯ ಕೇಂದ್ರಕ್ಕೆ ತಿಳಿಸಬೇಕೆಂಬುದು ಸೆಬಿ ನಿಯಮ. ಆ ನಡುವಿನ ಗಳಿಗೆಗಳಲ್ಲಿ ವಾಲ್ಯೂಮ್ ಸುದ್ದಿಗಿಂತ ಮುಂದೆ ಓಡಬಹುದು.

ಮುಂದೇನು? ಕೆಟ್ಟ ಸುದ್ದಿಯಾದರೆ ಬೇಗ ಮಾರಿ ಹೊರಬರುವುದೇ ಜಾಣತನವಲ್ಲವೇ ಎಂದು ಕೇಳಬಹುದು. ನಾನು ಒಪ್ಪುವುದಿಲ್ಲ. ಯುನೈಟೆಡ್ ಏರ್‌ಲೈನ್ಸ್ ದಿವಾಳಿಯಾದ ಬಗ್ಗೆ 2002ರಲ್ಲಿ ಪ್ರಕಟವಾಗಿದ್ದ ಹಳೆಯ ಬರಹವೊಂದು 2008ರ ಸೆಪ್ಟೆಂಬರ್ 8ರಂದು ಹೊಸ ಸುದ್ದಿಯ ವೇಷದಲ್ಲಿ ಪರದೆಗಳ ಮೇಲೆ ಹರಿದಾಡಿತು. 12 ಡಾಲರಿನ ಆಸುಪಾಸಿನಲ್ಲಿದ್ದ ಷೇರು ಕೆಲವೇ ನಿಮಿಷಗಳಲ್ಲಿ ಸುಮಾರು 3 ಡಾಲರಿಗೆ ಬಿತ್ತು. ವಹಿವಾಟು ನಿಲ್ಲಿಸಿ ನಿಜ ತಿಳಿದ ಮೇಲೆ ಅಂದೇ 11 ಡಾಲರಿನ ಹತ್ತಿರಕ್ಕೆ ಮರಳಿತು. ವಾಲ್ಯೂಮ್ ನಿಜವಾಗಿತ್ತು, ಸುದ್ದಿ ನಿಜವಾಗಿರಲಿಲ್ಲ. 3 ಡಾಲರಿಗೆ ಮಾರಿದವರ ಕೈಗೆ ಷೇರು ಮರಳಿ ಬರಲಿಲ್ಲ.

ಆದ್ದರಿಂದ ಪ್ರೋಗ್ರಾಮಿಗೆ ನಾನು ಕೊಡುವ ಸೂಚನೆ ಹೀಗಿರುತ್ತದೆ. ಶೇ 10ರ ನಿಯಮ ಇರಲಿ, ಆದರೆ ಅದರ ಮೇಲೊಂದು ಮುಚ್ಚಳವಿರಲಿ: ಯಾವ ಐದು ನಿಮಿಷದಲ್ಲೂ ಎಂದಿನ 2,000ದ ಎರಡು ಪಟ್ಟು ಮೀರಬೇಡ. ಪೇಟೆಯ ವಾಲ್ಯೂಮಿನಿಂದ ನೀನೇ ಮಾರಿದ್ದನ್ನು ಮೊದಲು ಕಳೆ, ಇಲ್ಲವಾದರೆ ನಿನ್ನ ನೆರಳನ್ನೇ ಬೆನ್ನಟ್ಟುತ್ತೀಯೆ. ಸುದ್ದಿಯ ಲಕ್ಷಣ ಕಂಡರೆ ಎರಡು ನಿಮಿಷ ಹೊಸ ಆರ್ಡರ್ ಹಾಕಬೇಡ, ಡೀಲರನ್ನು ಕರೆ. ಆತ ಎನ್‌ಎಸ್‌ಇ ಪ್ರಕಟಣೆಗಳನ್ನು ನೋಡಿ, ಗಿರಾಕಿಗೆ ಫೋನ್ ಮಾಡಿ, ಮುಂದುವರಿಯಬೇಕೆ, ಎಷ್ಟು ಬೆಲೆಯ ಕೆಳಗೆ ಮಾರಕೂಡದು ಎಂಬುದನ್ನು ತೀರ್ಮಾನಿಸಲಿ. ಡೀಲರ್ ಉತ್ತರಿಸದಿದ್ದರೆ ಮುಚ್ಚಳದೊಳಗೆ ನಿಧಾನವಾಗಿ ಸಾಗು. ಪೂರ್ತಿ ನಿಂತುಬಿಟ್ಟರೆ ಸುದ್ದಿ ನಿಜವಾದಾಗ ಗಿರಾಕಿಯ ಕೈಯಲ್ಲಿ ಎರಡು ಲಕ್ಷವೂ ಉಳಿದು ಬೆಲೆ ಜಾರುತ್ತಲೇ ಹೋಗುತ್ತದೆ.

ಸುದ್ದಿ ಖಚಿತವಾದ ಮೇಲೆ ಅಂದಿನ ಮಟ್ಟಿಗೆ 'ಮಾಮೂಲು' ಎಂಬುದೇ ಬದಲಾಗುತ್ತದೆ. ವಾಲ್ಯೂಮ್ ಸಂಜೆಯವರೆಗೂ ಎತ್ತರದಲ್ಲೇ ಇರುವುದು ಸಾಮಾನ್ಯ. ಹಳೆಯ ಮಧ್ಯಾಂಕವನ್ನೇ ಹಿಡಿದು ಕೂತರೆ ಐದೈದು ನಿಮಿಷಕ್ಕೂ ಗಂಟೆ ಬಾರಿಸುತ್ತದೆ. ಆಗ ಡೀಲರ್ ಒಪ್ಪಿದ ಪಟ್ಟಿನಿಂದ ಉಳಿದ ದಿನದ ಅಂದಾಜನ್ನು ಗುಣಿಸಿ, ಮುಚ್ಚಳವನ್ನೂ ಅದಕ್ಕೆ ತಕ್ಕಂತೆ ಏರಿಸಬೇಕು.

ಎಷ್ಟು ಪಟ್ಟಿಗೆ ಗಂಟೆ ಬಾರಿಸಬೇಕು ಎಂಬುದಕ್ಕೆ ಒಂದೇ ಉತ್ತರವಿಲ್ಲ, ಕೇಳಿಸಿಕೊಳ್ಳುವ ಕಿವಿಗಳ ಲೆಕ್ಕವಿದೆ. ದಿನದಲ್ಲಿ ಐದು ನಿಮಿಷದ 75 ತುಣುಕುಗಳು. 200 ಷೇರುಗಳನ್ನು ಕಾಯುವ ಕಚೇರಿಯಲ್ಲಿ ದಿನಕ್ಕೆ 15,000 ಪರೀಕ್ಷೆಗಳು. ಸಾವಿರಕ್ಕೆ ಒಂದು ಸಲ ಮೀರುವ ಮಿತಿ ಇಟ್ಟರೆ 15 ಗಂಟೆಗಳು. ಅಷ್ಟನ್ನು ಒಬ್ಬ ಡೀಲರ್ ನಿಜವಾಗಿಯೂ ತೆರೆದು ನೋಡಬಲ್ಲ. ನೂರಕ್ಕೆ ಒಂದರ ಮಿತಿ ಇಟ್ಟರೆ 150 ಆಗುತ್ತದೆ, ಮಧ್ಯಾಹ್ನದ ಊಟದೊಳಗೆ ಆತ ಸದ್ದನ್ನೇ ಆರಿಸಿಬಿಟ್ಟಿರುತ್ತಾನೆ.