ಹನ್ನೆರಡು ಗಂಟೆಯ ತೊಡಕು

ನಮೂನೆಗಳನ್ನು ತುಂಬುವಾಗ ಹತ್ತು ಗಂಟೆ, ಹನ್ನೊಂದು ಗಂಟೆ ಎಂದು ಬರೆಯಲು ನಮ್ಮಲ್ಲಿ ಯಾರೂ ತಡವರಿಸುವುದಿಲ್ಲ. ಹನ್ನೆರಡು ಬಂದೊಡನೆ ಮಾತ್ರ ಲೇಖನಿ ನಿಲ್ಲುತ್ತದೆ. ಮಧ್ಯಾಹ್ನದ ಹನ್ನೆರಡು ಎ.ಎಂ. ಆಗಬೇಕೋ ಪಿ.ಎಂ. ಆಗಬೇಕೋ? ಚೆನ್ನಾಗಿ ಓದಿಕೊಂಡವರೂ ಇಲ್ಲಿ ಪಕ್ಕದವರ ಮುಖ ನೋಡುವುದುಂಟು. ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ತಪ್ಪು ನಮ್ಮದಲ್ಲ, ಆ ಅಕ್ಷರಗಳದು.

ಎ.ಎಂ. ಎಂಬುದು ‘ಆಂಟೆ ಮೆರಿಡಿಯೆಂ’ ಎಂಬ ಲ್ಯಾಟಿನ್ ಮಾತಿನ ಹ್ರಸ್ವರೂಪ. ನಡುಹಗಲಿಗೆ ಮೊದಲು ಎಂದು ಅದರ ಅರ್ಥ. ಪಿ.ಎಂ. ಎಂದರೆ ‘ಪೋಸ್ಟ್ ಮೆರಿಡಿಯೆಂ’, ನಡುಹಗಲಿನ ಅನಂತರ. ಹಾಗಾದರೆ ನಡುಹಗಲೇ ಯಾವುದು? ಅದು ತನಗೆ ತಾನೇ ಮೊದಲೂ ಅಲ್ಲ, ಅನಂತರವೂ ಅಲ್ಲ. ಮಧ್ಯರಾತ್ರಿಯಾದರೋ ಹಿಂದಿನ ನಡುಹಗಲಿನಿಂದ ಹನ್ನೆರಡು ಗಂಟೆ ಅನಂತರ, ಮುಂದಿನದಕ್ಕೆ ಹನ್ನೆರಡು ಗಂಟೆ ಮೊದಲು; ಅದಕ್ಕೆ ಎರಡು ಹೆಸರೂ ಒಪ್ಪುತ್ತವೆ. ಅಮೆರಿಕದ ಸರ್ಕಾರಿ ಮುದ್ರಣಾಲಯದ ಶೈಲಿ ಕೈಪಿಡಿಯೇ ಬಹುಕಾಲ ನಡುಹಗಲನ್ನು 12 ಎ.ಎಂ. ಎಂದು ಬರೆಯಹೇಳಿ, 2008ರ ಆವೃತ್ತಿಯಲ್ಲಿ ಅದನ್ನು ತಿರುವುಮುರುವು ಮಾಡಿತೆಂದ ಮೇಲೆ, ನಮ್ಮ ಗೊಂದಲವೇನು ದೊಡ್ಡದು!

ಇಂದು ಗಡಿಯಾರಗಳೂ ದೂರವಾಣಿಗಳೂ ಗಣಕಯಂತ್ರಗಳೂ ಅನುಸರಿಸುವ ರೂಢಿ ಒಂದೇ: 12 ಪಿ.ಎಂ. ಮಧ್ಯಾಹ್ನ, 12 ಎ.ಎಂ. ಮಧ್ಯರಾತ್ರಿ. ಇದಕ್ಕೊಂದು ಕಾರಣವೂ ಇದೆ. ಹಗಲು ಹನ್ನೆರಡು ದಾಟಿ ಒಂದು ನಿಮಿಷವಾದರೂ ಅದು ನಡುಹಗಲಿನ ಅನಂತರದ ಹೊತ್ತೇ. ಆದ್ದರಿಂದ 12:01 ಪಿ.ಎಂ. ಎನ್ನುವುದರಲ್ಲಿ ಸಂದೇಹವಿಲ್ಲ. ಆ ಒಂದು ನಿಮಿಷಕ್ಕಾಗಿ ಅಕ್ಷರ ಬದಲಿಸುವುದಕ್ಕಿಂತ ಹನ್ನೆರಡಕ್ಕೇ ಬದಲಿಸುವುದು ಸುಲಭ. ನೆನಪಿಗೆ ಒಂದು ಉಪಾಯ: ಇಲ್ಲಿ 12 ಎಂಬುದನ್ನು ಸೊನ್ನೆ ಎಂದು ಓದಿಕೊಳ್ಳಿರಿ. 12:20 ಎ.ಎಂ. ಎಂದರೆ ದಿನ ಹುಟ್ಟಿ ಸೊನ್ನೆ ಗಂಟೆ ಇಪ್ಪತ್ತು ನಿಮಿಷ. ರೈಲ್ವೆಯವರು ಅದನ್ನೇ 00:20 ಎಂದು ಅಚ್ಚುಹಾಕುತ್ತಾರೆ.

ಆದರೆ ನಿಜವಾದ ಪೆಟ್ಟು ಬೀಳುವುದು ಗಂಟೆಯಲ್ಲಲ್ಲ, ತಾರೀಖಿನಲ್ಲಿ. ಪುಣೆಯಲ್ಲಿರುವ ಒಂದು ಕುಟುಂಬ ರಜೆಗೆಂದು ಹುಬ್ಬಳ್ಳಿಗೆ ಹೊರಟಿದೆ ಎನ್ನೋಣ. ಚೀಟಿಯಲ್ಲಿ ಮೇ 10, ಭಾನುವಾರ, 00:20 ಎಂದಿದೆ. “ಭಾನುವಾರ ರಾತ್ರಿ ತಾನೆ ಗಾಡಿ, ನಿಧಾನವಾಗಿ ಹೊರಡೋಣ” ಎನ್ನುತ್ತಾರೆ ಅಜ್ಜಿ. ಬುತ್ತಿ ಕಟ್ಟಿಕೊಂಡು ಭಾನುವಾರ ರಾತ್ರಿ ಹನ್ನೊಂದೂವರೆಗೆ ನಿಲ್ದಾಣಕ್ಕೆ ಹೋದರೆ, ಅವರ ಗಾಡಿ ಹೊರಟುಹೋಗಿ ಇಪ್ಪತ್ತಮೂರು ಗಂಟೆಗೂ ಹೆಚ್ಚಾಗಿದೆ! ಅವರು ಮನೆ ಬಿಡಬೇಕಾಗಿದ್ದುದು 9ನೆಯ ತಾರೀಖು, ಶನಿವಾರ, ರಾತ್ರಿಯೂಟ ಮುಗಿಸಿಕೊಂಡು.

ಅಜ್ಜಿಯ ಲೆಕ್ಕವನ್ನು ತಪ್ಪೆನ್ನುವಂತಿಲ್ಲ. ನಮ್ಮ ಪಂಚಾಂಗದ ವಾರ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಮಲಗಿ ಏಳುವವರೆಗೂ ನಮಗೆ ಅದೇ ದಿನ. ನಮೂನೆಯ ದಿನವಾದರೋ ನಡುರಾತ್ರಿಗೇ ಬದಲಾಗುತ್ತದೆ. ಮಗು ಸೋಮವಾರ ರಾತ್ರಿ ಹನ್ನೆರಡೂಕಾಲಿಗೆ ಹುಟ್ಟಿತೆಂದು ಮನೆಯವರು ಹೇಳಿದರೆ, ಜನನಪತ್ರದಲ್ಲಿ ಬರಬೇಕಾದುದು ಮಂಗಳವಾರದ ತಾರೀಖು, 12:15 ಎ.ಎಂ. ಜಾತಕ ಬರೆಸುವಾಗ ಅದೇ ಹೊತ್ತು ಪಿ.ಎಂ. ಎಂದಾದರೆ ಹನ್ನೆರಡು ಗಂಟೆಗಳ ವ್ಯತ್ಯಾಸ ಬಿದ್ದು, ಲಗ್ನ ಸುಮಾರು ಆರು ರಾಶಿ ಆಚೆ ಹೋಗಿ ಕುಳಿತಿರುತ್ತದೆ.

‘ಮಧ್ಯರಾತ್ರಿ’ ಎಂಬ ಮಾತೊಂದೇ ಸಾಲದು ಎಂಬುದನ್ನು ಇಲ್ಲಿ ಗಮನಿಸಬೇಕು. ನಮಗೆ ಸ್ವಾತಂತ್ರ್ಯ ಬಂದುದು 1947ರ ಆಗಸ್ಟ್ 14 ಮತ್ತು 15ರ ನಡುವಣ ರಾತ್ರಿ. ಅದನ್ನು 14ರ ಮಧ್ಯರಾತ್ರಿ ಎನ್ನುವವರೂ ಇದ್ದಾರೆ, 15ರ ಮಧ್ಯರಾತ್ರಿ ಎನ್ನುವವರೂ ಇದ್ದಾರೆ. ಚರಿತ್ರೆಯಲ್ಲಿ ಅದರಿಂದ ಹಾನಿಯಿಲ್ಲ. ಆದರೆ “ಅರ್ಜಿಗಳು 15ರ ಮಧ್ಯರಾತ್ರಿಯೊಳಗೆ ಸೇರಬೇಕು” ಎಂಬ ಪ್ರಕಟಣೆಯಲ್ಲಿ 15 ಹುಟ್ಟುವ ಗಳಿಗೆಯೋ ಮುಗಿಯುವ ಗಳಿಗೆಯೋ ಎಂಬುದರ ಮೇಲೆ ಇಡೀ ಒಂದು ದಿನ ನಿಂತಿದೆ. ಇಂಥ ಕಡೆ ಕೇಳಿ ತಿಳಿದುಕೊಳ್ಳುವುದು ಲೇಸು. ಕೇಳಲು ಯಾರೂ ಸಿಗದಿದ್ದರೆ 14ರೊಳಗೇ ಕಳುಹಿಸಿಬಿಡುವುದು ಕ್ಷೇಮ.

ನಾವೇ ಬರೆಯುವಾಗ ಈ ತೊಡಕನ್ನು ತಪ್ಪಿಸುವುದು ಕಷ್ಟವಲ್ಲ. ಸಂಘದ ಸಭೆಗೆ ಕರೆಯುವಾಗ 12 ಪಿ.ಎಂ. ಎನ್ನದೆ ‘ಮಧ್ಯಾಹ್ನ 12’ ಎನ್ನಬಹುದು. ಕೊನೆಯ ಗಡುವು ಹೇಳುವಾಗ ‘15ರ ರಾತ್ರಿ 11:59’ ಎಂದರೆ ತಾರೀಖಿನ ಜಗಳವೇ ಇಲ್ಲ. ಎರಡು ಸೊನ್ನೆಗಳಿಂದ ಆರಂಭವಾಗುವ ಹೊತ್ತಿನ ಪ್ರಯಾಣದ ಚೀಟಿ ಕೈಗೆ ಬಂದಾಗ ಅದರ ಮೇಲೆಯೇ, ತಾರೀಖಿನ ಪಕ್ಕದಲ್ಲಿ, ‘ಹಿಂದಿನ ರಾತ್ರಿ ಹೊರಡುವುದು’ ಎಂದು ಕನ್ನಡದಲ್ಲಿ ಬರೆದಿಡಿರಿ. ಅಜ್ಜಿಯೂ ಓದಿಕೊಳ್ಳುತ್ತಾರೆ, ಗಾಡಿಯೂ ಸಿಗುತ್ತದೆ.