ಪ್ರಬಂಧ ಬರೆದ ಕೈ ಯಾರದು?

ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುವ ನಮ್ಮ ಮಕ್ಕಳು ಅತಿ ಹೆಚ್ಚು ತಲೆ ಕೆಡಿಸಿಕೊಳ್ಳುವುದು ‘ಕಾಮನ್ ಆ್ಯಪ್’ನ 650 ಪದಗಳ ಪ್ರಬಂಧಕ್ಕೆ. ಆಯ್ಕೆ ಸಮಿತಿಯವರು ಮಾತ್ರ ಅದನ್ನು ಬಿಡಿಯಾಗಿ ಓದುವುದಿಲ್ಲ. ಅಂಕಪಟ್ಟಿ, ಶಿಕ್ಷಕರ ಶಿಫಾರಸು ಪತ್ರ, ಚಟುವಟಿಕೆಗಳ ಪಟ್ಟಿ, ಇಂಗ್ಲಿಷ್ ಪರೀಕ್ಷೆಯ ಅಂಕ ಎಲ್ಲವೂ ಒಂದೇ ಕಡತದಲ್ಲಿ ಅವರ ಮುಂದಿರುತ್ತವೆ.

ಹೀಗೊಂದು ಕಡತ ಇದೆ ಎಂದುಕೊಳ್ಳಿ. ಹುಡುಗಿ ದಾವಣಗೆರೆಯವಳು. ಚಟುವಟಿಕೆಯ ವಿವರಕ್ಕೆ ಸಿಗುವ 150 ಅಕ್ಷರಗಳಲ್ಲಿ, ಅಪ್ಪನ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತೇನೆ, ಲೆಕ್ಕ ಬರೆಯುತ್ತೇನೆ ಎಂದಿದ್ದಾಳೆ. ‘ಮಾತು ಕಡಿಮೆ, ಆದರೆ ಲ್ಯಾಬ್‌ನಲ್ಲಿ ಉತ್ತರ ತಪ್ಪಿದರೆ ಕಾರಣ ಸಿಗುವ ತನಕ ಏಳುವುದಿಲ್ಲ’ ಎಂದು ಫಿಸಿಕ್ಸ್ ಮೇಷ್ಟರು ಬರೆದಿದ್ದಾರೆ. ಐಇಎಲ್‌ಟಿಎಸ್ ಬರವಣಿಗೆಯಲ್ಲಿ 6.5. ಪ್ರಬಂಧ ತೆರೆದರೆ ಜಾಗತಿಕ ನಾಯಕತ್ವ, ಬದಲಾವಣೆಯ ಕನಸು, ಉದ್ದುದ್ದ ಅಲಂಕಾರದ ವಾಕ್ಯಗಳು. ಅಂಗಡಿಯ ಸುಳಿವೇ ಇಲ್ಲ.

ಇಲ್ಲಿ ಅನುಮಾನ ಹುಟ್ಟಿಸುವುದು ಒಳ್ಳೆಯ ಇಂಗ್ಲಿಷ್ ಅಲ್ಲ. ಐಇಎಲ್‌ಟಿಎಸ್‌ನಲ್ಲಿ ಒಂದು ಗಂಟೆಯೊಳಗೆ ಎರಡು ಬರಹ ಮುಗಿಸಬೇಕು, ಪ್ರಬಂಧವನ್ನು ತಿಂಗಳುಗಟ್ಟಲೆ ತಿದ್ದಬಹುದು. ಈ ಅಂತರ ಸಮಿತಿಗೆ ಗೊತ್ತು. ಅವರು ನೋಡುವುದು ನೋಟವನ್ನು. ಮೇಷ್ಟರು ಕಂಡ, ಬಿಡದೆ ಕಾರಣ ಹುಡುಕುವ ಹುಡುಗಿ ಈ ಪ್ರಬಂಧದಲ್ಲಿ ಇದ್ದಾಳೆಯೇ? ನೀರಿನ ಬೋಗುಣಿಯಲ್ಲಿ ಟ್ಯೂಬ್ ಅದ್ದಿ, ಗುಳ್ಳೆ ಏಳುವ ಜಾಗಕ್ಕಾಗಿ ಕಾದು ಕೂತದ್ದನ್ನು ಅವಳು ಸರಳ ಇಂಗ್ಲಿಷಿನಲ್ಲಿ ಬರೆದಿದ್ದರೆ, ಮೂರು ದಾಖಲೆಗಳೂ ಒಬ್ಬಳನ್ನೇ ತೋರಿಸುತ್ತಿದ್ದವು.

ನಮ್ಮಲ್ಲಿ ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ‘ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ’ ಎನ್ನುವ ಮೇಷ್ಟರು ಕಡಿಮೆಯಿಲ್ಲ. ಆಗ ಪ್ರಬಂಧದ ಪದಗಳೇ ಶಿಫಾರಸು ಪತ್ರದಲ್ಲೂ ಇಣುಕುತ್ತವೆ. ಇಬ್ಬರು ಮೇಷ್ಟರ ಪತ್ರಗಳಲ್ಲಿ ಒಂದೇ ಹೊಗಳಿಕೆ, ಒಂದೇ ಬಗೆಯ ವಾಕ್ಯ. ಪ್ರಬಂಧದ ದನಿ ಉಳಿದವುಗಳಿಗೆ ಹೊಂದದಿದ್ದರೆ ಸಂಶಯ ಒಂದು ಕಾಗದದ ಮೇಲೆ. ಪತ್ರಗಳಲ್ಲೂ ಅದೇ ದನಿ ಕೇಳಿದರೆ ಇಡೀ ಕಡತದ ಮೇಲೆ. ವಿದ್ಯಾರ್ಥಿಯಿಂದ ಪತ್ರ ಬರೆಸುವುದು ಉಪಕಾರವಲ್ಲ, ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಬರವಣಿಗೆಯ ಮತ್ತೊಂದು ಮಾದರಿಯನ್ನೇ ಕೇಳುವ ಕಾಲೇಜುಗಳೂ ಇವೆ. ತರಗತಿಗೆ ಬರೆದು, ಶಿಕ್ಷಕರು ಅಂಕ ಕೊಟ್ಟ ಒಂದು ಬರಹವನ್ನು ಪ್ರಿನ್ಸ್‌ಟನ್ ಅರ್ಜಿಯೊಂದಿಗೇ ತರಿಸಿಕೊಳ್ಳುತ್ತದೆ. ಡುವೋಲಿಂಗೊ ಪರೀಕ್ಷೆ ಬರೆದವರ ಬರವಣಿಗೆಯ ತುಣುಕು ಅಂಕದ ಜೊತೆಗೆ ಕಾಲೇಜಿಗೆ ತಲುಪುತ್ತದೆ.

ಇಷ್ಟಾದರೂ ದನಿ ಪುರಾವೆಯಲ್ಲ. ಮೌನಿಯಾದ ಹುಡುಗ ಕಾಗದದ ಮೇಲೆ ವಾಚಾಳಿಯಾಗಿರಬಹುದು, ಓದುವವರೂ ತಪ್ಪಬಹುದು. ಆದರೆ ಸೀಟು ಕಡಿಮೆ ಇರುವಲ್ಲಿ ಸಮಿತಿ ಏನನ್ನೂ ಸಾಬೀತು ಮಾಡಬೇಕಿಲ್ಲ, ಮುಂದಿನ ಕಡತ ಎತ್ತಿಕೊಂಡರೆ ಸಾಕು. ನಿರಾಕರಣೆಯ ಪತ್ರದಲ್ಲಿ ಸಾಮಾನ್ಯವಾಗಿ ಕಾರಣ ಇರುವುದಿಲ್ಲ.

ಆದ್ದರಿಂದ ಅರ್ಜಿ ಕಳಿಸುವ ಮೊದಲು ಪ್ರಬಂಧವನ್ನೂ ಚಟುವಟಿಕೆಯ ಪಟ್ಟಿಯನ್ನೂ ನಿಮ್ಮನ್ನು ಬಲ್ಲ ಮೇಷ್ಟರ ಕೈಗೆ ಕೊಟ್ಟು, ‘ಇದು ನಾನೇನಾ ಸರ್?’ ಎಂದು ಕೇಳಿ.