ಜೆಕೆ ಲ್ಯಾಚ್‌ನ ಗಿರಕಿ ನಿಂತದ್ದು ಹೀಗೆ

1918ರಲ್ಲಿ ಇಂಗ್ಲೆಂಡಿನ ಎಕ್ಲೆಸ್ ಮತ್ತು ಜೋರ್ಡನ್ ಎರಡು ನಿರ್ವಾತ ಕೊಳವೆಗಳನ್ನು ಒಂದಕ್ಕೊಂದು ಹೆಣೆದು, ಕೊಟ್ಟ ಸ್ಥಿತಿಯನ್ನು ಹಿಡಿದಿಟ್ಟುಕೊಳ್ಳುವ ಸರ್ಕೀಟ್ ರೂಪಿಸಿದರು. ಆ ವಂಶದಲ್ಲಿ ಬಂದ ಎಸ್‌ಆರ್ ಲ್ಯಾಚ್‌ನ ಎರಡೂ ಇನ್‌ಪುಟ್‌ಗಳಿಗೆ ಒಟ್ಟಿಗೆ 1 ಕೊಡುವಂತಿರಲಿಲ್ಲ. ಜೆಕೆ ಲ್ಯಾಚ್ ಆ ನಿಷಿದ್ಧ ಜೋಡಿಗೇ ಕೆಲಸ ಹಚ್ಚಿತು. ಔಟ್‌ಪುಟ್‌ಗಳನ್ನು ಹಿಂದಕ್ಕೆ ತಂದು ಇನ್‌ಪುಟ್ ಗೇಟ್‌ಗಳಿಗೆ ಅದಲುಬದಲಾಗಿ ಜೋಡಿಸಿದ್ದರಿಂದ, ಜೆ ಮತ್ತು ಕೆ ಎರಡೂ 1 ಇದ್ದಾಗ ಔಟ್‌ಪುಟ್ ಮಗುಚಿಕೊಳ್ಳುತ್ತದೆ. ಕೌಂಟರ್‌ಗೆ ಬೇಕಾದದ್ದೇ ಇದು. ತೊಂದರೆ ಹುಟ್ಟಿದ್ದೂ ಆ ಹಿಂದೆಳೆದ ತಂತಿಯಿಂದಲೇ.

ಕ್ಲಾಕ್ 1 ಇರುವಷ್ಟೂ ಹೊತ್ತು ಲ್ಯಾಚ್‌ನ ಬಾಗಿಲು ತೆರೆದಿರುತ್ತದೆ. ಮಗುಚಿದ ಔಟ್‌ಪುಟ್ ಹಿಂದಕ್ಕೆ ಬಂದು ಇನ್ನೊಮ್ಮೆ ಮಗುಚಲು ಹೇಳುತ್ತದೆ. ಒಂದು ಸುತ್ತಿಗೆ 20 ನ್ಯಾನೋಸೆಕೆಂಡ್ ಹಿಡಿಯುತ್ತದೆ, ಕ್ಲಾಕ್ 510 ನ್ಯಾನೋಸೆಕೆಂಡ್ ಮೇಲಿರುತ್ತದೆ ಎಂದುಕೊಳ್ಳಿ. ಔಟ್‌ಪುಟ್ 25 ಸಲ ಮಗುಚಿ, ಮೊದಲಿಗಿಂತ ಬೇರೆಯಾಗಿ ನಿಲ್ಲುತ್ತದೆ. ಚಿಪ್ ಬಿಸಿಯೇರಿ ಸುತ್ತು 21 ನ್ಯಾನೋಸೆಕೆಂಡಿಗೆ ಹಿಗ್ಗಿದರೆ 24 ಸಲ ಮಗುಚಿ, ಹೊರಟಲ್ಲಿಗೇ ಮರಳುತ್ತದೆ. ಒಂದೇ ನ್ಯಾನೋಸೆಕೆಂಡ್ ಉತ್ತರವನ್ನು ತಿರುಗಿಸಿಬಿಟ್ಟಿತು. ಆಸಿಲೋಸ್ಕೋಪ್ ಹಚ್ಚಿದರೆ ಕ್ಲಾಕ್ ಮೇಲಿರುವಾಗಲೆಲ್ಲ ಔಟ್‌ಪುಟ್ ಗೆರೆ ಗರಗಸದ ಹಲ್ಲಿನಂತೆ ಒತ್ತೊತ್ತಾಗಿ ಏರಿಳಿಯುವುದು ಕಾಣುತ್ತದೆ. ಇದೇ ರೇಸ್-ಅರೌಂಡ್.

ಕ್ಲಾಕ್ ಪಲ್ಸನ್ನು ಒಂದು ಸುತ್ತಿಗಿಂತ ಚಿಕ್ಕದಾಗಿಸಬಹುದು. ಆದರೆ ಅಷ್ಟು ಕಿರಿದಾದ ಪಲ್ಸನ್ನು ಎಲ್ಲ ಚಿಪ್‌ಗಳಿಗೂ ಕೆಡದಂತೆ ಮುಟ್ಟಿಸುವುದು ಕಷ್ಟ. ಹಾಗಾಗಿ ಮಾಸ್ಟರ್-ಸ್ಲೇವ್ ಬಂತು: ಮೊದಲ ಲ್ಯಾಚ್ ಕ್ಲಾಕ್ ಮೇಲಿರುವಾಗ ತೆರೆಯುತ್ತದೆ, ಎರಡನೆಯದು ಕೆಳಗಿಳಿದಾಗ. 7476 ಚಿಪ್ ಈ ಬಗೆಯದು. ಗಿರಕಿಯೇನೋ ನಿಂತಿತು, ಆದರೆ ಕ್ಲಾಕ್ ಮೇಲಿರುವಾಗ ಜೆ ತಂತಿಯಲ್ಲಿ ಕ್ಷಣಕಾಲ ಸುಳ್ಳು 1 ಸುಳಿದರೂ ಮಾಸ್ಟರ್ ಅದನ್ನು ಹಿಡಿದುಬಿಡುತ್ತಿತ್ತು, ಬಿಡಿಸಿಕೊಳ್ಳಲು ದಾರಿಯಿರಲಿಲ್ಲ.

ಎಡ್ಜ್ ಟ್ರಿಗರಿಂಗ್ ಈ ಕಿಟಕಿಯನ್ನೇ ಮುಚ್ಚಿತು. ನನಗೆ ಬಹಳ ಇಷ್ಟವಾಗುವುದು 74ಎಲ್‌ಎಸ್112 ಮಾದರಿಯ ಸರ್ಕೀಟ್, ಏಕೆಂದರೆ ಅದು ಗೇಟ್‌ಗಳ ವಿಳಂಬವನ್ನೇ ದುಡಿಸಿಕೊಳ್ಳುತ್ತದೆ. ಅದರಲ್ಲಿ ಇನ್‌ಪುಟ್ ಗೇಟ್‌ಗಳನ್ನು ಬೇಕೆಂದೇ ನಿಧಾನವಾಗಿಸಿ, ಔಟ್‌ಪುಟ್ ಗೇಟ್‌ಗಳನ್ನು ಚುರುಕಾಗಿ ಇಟ್ಟಿರುತ್ತಾರೆ. ಕ್ಲಾಕ್ ಮೇಲಿರುವಾಗ ಚುರುಕು ಗೇಟ್‌ಗಳು ಹಳೆಯ ಸ್ಥಿತಿಯನ್ನು ಭದ್ರವಾಗಿ ಹಿಡಿದಿರುತ್ತವೆ. ಜೆ, ಕೆ ಏನೇ ಹೇಳಿದರೂ ಔಟ್‌ಪುಟ್ ಕದಲುವುದಿಲ್ಲ. ಕ್ಲಾಕ್ ಇಳಿದ ಕೂಡಲೇ ಆ ಹಿಡಿತ ಸಡಿಲುತ್ತದೆ. ನಿಧಾನದ ಗೇಟ್‌ಗಳಿಗೆ ಸುದ್ದಿ ಇನ್ನೂ ಮುಟ್ಟಿರುವುದಿಲ್ಲ, ಅವುಗಳ ಹಳೆಯ ಆದೇಶ ಕೆಲವೇ ನ್ಯಾನೋಸೆಕೆಂಡ್ ಉಳಿದು ಔಟ್‌ಪುಟ್ಟನ್ನು ಮಗುಚುತ್ತದೆ. ಆಮೇಲೆ ಅವೂ ಮುಚ್ಚಿಕೊಳ್ಳುತ್ತವೆ. ಹೊಸ ಔಟ್‌ಪುಟ್ ಹಿಂದಕ್ಕೆ ಬಂದು ಬಾಗಿಲು ತಟ್ಟಿದರೂ ತೆರೆಯುವವರಿಲ್ಲ. ಒಂದು ಇಳಿತಕ್ಕೆ ಒಂದೇ ಮಗುಚು.

ಇದಕ್ಕೂ ಷರತ್ತುಂಟು. ಜೆ, ಕೆ ಬೆಲೆಗಳು ಕ್ಲಾಕ್ ಇಳಿಯುವ ಸುಮಾರು 20 ನ್ಯಾನೋಸೆಕೆಂಡ್ ಮೊದಲೇ ನೆಲೆಗೊಂಡಿರಬೇಕು. ಆ ಹೊತ್ತಿನಲ್ಲಿ ಅವು ಬದಲಾದರೆ ಔಟ್‌ಪುಟ್ 0 ಮತ್ತು 1ರ ನಡುವೆ ತೊಳಲಾಡಿ, ಯಾವ ಕಡೆಗಾದರೂ ವಾಲಬಹುದು.